ಫಾಯಿಲ್ ಬಿಚ್ಚದ ಆಲೂಗಡ್ಡೆ

1994ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೊ ಊರಿನಲ್ಲಿ 30 ಮಂದಿ ಬಾಟುಲಿಸಂ ಎಂಬ ಕಾಯಿಲೆಗೆ ಸಿಕ್ಕಿಬಿದ್ದರು. ನಾಲ್ವರಿಗೆ ವೆಂಟಿಲೇಟರ್ ಬೇಕಾಯಿತು. ಎಲ್ಲರೂ ಒಂದೇ ಗ್ರೀಕ್ ಹೋಟೆಲಿನಲ್ಲಿ ಉಂಡವರು. ಅಲ್ಲಿ ಆಲೂಗಡ್ಡೆಯಿಂದ ಮಾಡಿದ, ನೆಂಚಿಕೊಳ್ಳುವ ಚಟ್ನಿಯಂಥ ಡಿಪ್ ತಿಂದಿದ್ದ 22 ಜನರಲ್ಲಿ 19 ಮಂದಿಗೆ ಕಾಯಿಲೆ ಬಂದಿತ್ತು. ಅದನ್ನು ಮುಟ್ಟದ 176 ಜನರಲ್ಲಿ 11 ಮಂದಿಗೆ ಮಾತ್ರ. ಬದನೆಕಾಯಿಯ ಇನ್ನೊಂದು ಡಿಪ್‌ನಲ್ಲೂ ಅದೇ ವಿಷ ಸಿಕ್ಕಿತು. ಎರಡಕ್ಕೂ ಬಳಸಿದ್ದ ಆಲೂಗಡ್ಡೆಯನ್ನು ಫಾಯಿಲ್ ಸುತ್ತಿ ಬೇಯಿಸಿ, ಬಿಚ್ಚದೆಯೇ ಹೊರಗಿಟ್ಟಿದ್ದರು, ಬಹುಶಃ ಕೆಲವು ದಿನ.

ಚೆನ್ನಾಗಿ ಬೆಂದ ಗಡ್ಡೆಯಲ್ಲಿ ವಿಷ ಎಲ್ಲಿಂದ ಬಂತು? ಮಣ್ಣಿನಿಂದ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬೀಜಕದ ರೂಪದಲ್ಲಿ ನಿದ್ದೆ ಹೊಡೆಯುತ್ತಿರುತ್ತದೆ. ಗಡ್ಡೆಯನ್ನು ಎಷ್ಟು ತಿಕ್ಕಿ ತೊಳೆದರೂ ಸಿಪ್ಪೆಯ ಮೇಲೆ ಒಂದಿಷ್ಟು ಉಳಿದೀತು. ಒಲೆಯ ಶಾಖ 200 ಡಿಗ್ರಿ ಇದ್ದರೂ ನೀರಿನಂಶದ ಗಡ್ಡೆ ಸುಮಾರು 100 ಡಿಗ್ರಿ ದಾಟುವುದಿಲ್ಲ. ಅಷ್ಟಕ್ಕೆ ಮಾಮೂಲಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಈ ಬೀಜಕಗಳು ಸಾಯುವುದಿಲ್ಲ. ಅವುಗಳಿಗೆ ಕುಕ್ಕರಿನಂತೆ ಒತ್ತಡದಲ್ಲಿ 121 ಡಿಗ್ರಿ ಬೇಕು.

ಮುಂದಿನ ಕೆಲಸ ಫಾಯಿಲಿನದು. ಅದು ಹಬೆಯನ್ನು ಒಳಗೇ ಹಿಡಿಯುತ್ತದೆ, ಹೊರಗಿನ ಗಾಳಿಯನ್ನು ತಡೆಯುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಆಗದು. ತೇವ ಬೇಕು, ಹುಳಿ ಇರಬಾರದು. ಗಡ್ಡೆ ಮೆಲ್ಲಗೆ ಆರಿ ಕೋಣೆಯ ಬಿಸಿಗೆ ಬಂದಾಗ ಬೀಜಕ ಮೊಳೆತು, ಬೆಳೆದು, ವಿಷ ಕಾರುತ್ತದೆ. ಪೈಪೋಟಿಗೆ ನಿಲ್ಲಬೇಕಿದ್ದ ಬೇರೆ ಬ್ಯಾಕ್ಟೀರಿಯಾಗಳನ್ನು ನಾವೇ ಬೇಯಿಸಿ ಮುಗಿಸಿರುತ್ತೇವಲ್ಲ! ವಾಸನೆ, ಬಣ್ಣ ಕೆಟ್ಟೇ ತೀರಬೇಕೆಂದಿಲ್ಲ, ಹಾಗಾಗಿ ಮೂಸಿ ನೋಡಿ ತೀರ್ಮಾನಿಸುವುದು ಇಲ್ಲಿ ನಡೆಯದು. ಈ ವಿಷ 85 ಡಿಗ್ರಿಯಲ್ಲಿ ಐದು ನಿಮಿಷ ಕಾದರೆ ಒಡೆಯುತ್ತದೆ, ನಿಜ. ಆದರೆ ಡಿಪ್ ತಣ್ಣಗೇ ತಿನ್ನುವ ಪದಾರ್ಥ. ದಪ್ಪ ಗಡ್ಡೆಯ ನಡುವಿನವರೆಗೂ ಆ ಶಾಖ ಮುಟ್ಟಿತೆಂದು ಮನೆಯಲ್ಲಿ ಹೇಳುವವರಾರು? ಅನುಮಾನ ಬಂದ ಗಡ್ಡೆಯನ್ನು ಬಿಸಾಡುವುದೇ ಸರಿ.

ರೆಸಾರ್ಟಿನ ಕ್ಯಾಂಪ್‌ಫೈರ್‌ನಲ್ಲಿ ಗಡ್ಡೆ, ಗೆಣಸು, ಜೋಳವನ್ನು ಫಾಯಿಲ್ ಸುತ್ತಿ ಕೆಂಡಕ್ಕೆ ಹಾಕುವುದು ನಮ್ಮಲ್ಲೂ ಉಂಟು. ಬಿಸಿಬಿಸಿ ಬಿಚ್ಚಿ ತಿಂದರೆ ತೊಂದರೆಯಿಲ್ಲ. ಬಡಿಸುವುದು ತಡವಾದರೆ 60 ಡಿಗ್ರಿಗಿಂತ ಬಿಸಿಯಾಗಿ ಕಾಯ್ದಿಡಬೇಕು. ಉಳಿದದ್ದನ್ನು ಫಾಯಿಲ್ ಬಿಚ್ಚಿ, ದೊಡ್ಡದಿದ್ದರೆ ಹೋಳು ಮಾಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ರಾತ್ರಿಯೆಲ್ಲ ಸುತ್ತಿದಂತೆಯೇ ಹೊರಗೆ ಬಿದ್ದಿದ್ದನ್ನು ಬೆಳಗಿನ ಪಲ್ಯಕ್ಕೆ ತೆಗೆಯಬಾರದು.

ಲಕ್ಷಣಗಳು ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಕಾಣುತ್ತವೆ: ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು. ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಪ್ರಜ್ಞೆ ಸ್ಪಷ್ಟವಾಗಿರುತ್ತದೆ. ದೌರ್ಬಲ್ಯ ಮುಖದಿಂದ ಕೆಳಗಿಳಿದು ಉಸಿರಾಟದ ಸ್ನಾಯುಗಳಿಗೆ ಬರುತ್ತದೆ. ಪ್ರತಿವಿಷ ಆದ ಹಾನಿಯನ್ನು ಸರಿಪಡಿಸದು, ಮುಂದೆ ಆಗುವುದನ್ನಷ್ಟೇ ತಡೆಯುತ್ತದೆ. ಆದ್ದರಿಂದ ತಕ್ಷಣ ಆಸ್ಪತ್ರೆಗೆ ಹೋಗಿ, ಏನು ತಿಂದಿರೆಂದು ಮೊದಲೇ ಹೇಳಿ.