ಮನೆಯ ಅರ್ಥಿಂಗ್ ಮತ್ತು ಬ್ರೇಕರು: ಯಾವುದು ಯಾವುದನ್ನು ಕಾಯುತ್ತದೆ?

ಹಳೆಯ ವಾಲ್ವ್ ರೇಡಿಯೋಗಳ ಬೆನ್ನಿನಲ್ಲಿ ‘ಏರಿಯಲ್’ ಎಂದೊಂದು, ‘ಅರ್ಥ್’ ಎಂದೊಂದು ತೂತು ಇರುತ್ತಿದ್ದುದನ್ನು ಹಿರಿಯ ಶ್ರೋತೃಗಳು ಬಲ್ಲರು. ದೂರದ ನಿಲಯದ ಧ್ವನಿ ಚೆನ್ನಾಗಿ ಕೇಳಲೆಂದು ಆ ಎರಡನೆಯ ತೂತಿನಿಂದ ನೆಲಕ್ಕೊಂದು ತಂತಿ ಎಳೆಯುತ್ತಿದ್ದರು. ಮೂರು ಪಿನ್ನಿನ ಪ್ಲಗ್ಗಿನಲ್ಲಿರುವ ದಪ್ಪನೆಯ ಪಿನ್ನಿನ ಹೆಸರೂ ಅರ್ಥ್ ಎಂದೇ. ಆದರೆ ಅದರ ಕೆಲಸವೇ ಬೇರೆ. ಅದು ಇರುವುದು ಪ್ರಾಣರಕ್ಷಣೆಗೆ. ‘ನಮ್ಮ ಮನೆಗೆ ಅರ್ಥಿಂಗ್ ಇದೆ, ಎಂ.ಸಿ.ಬಿ. ಇದೆ, ಇನ್ನೇನು ಭಯ?’ ಎಂದು ಅನೇಕರು ಕೇಳುತ್ತಾರೆ. ಇವೆರಡೂ ಇದ್ದೂ ಅಪಾಯ ಹೇಗೆ ಉಳಿಯುತ್ತದೆ ಎಂಬುದನ್ನು ಬಚ್ಚಲುಮನೆಯ ಒಂದು ಗೀಸರನ್ನು ಇಟ್ಟುಕೊಂಡು ನೋಡೋಣ.

ಗೀಸರು 2000 ವ್ಯಾಟಿನದು, 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, 16 ಆಂಪಿಯರಿನ ಎಂ.ಸಿ.ಬಿ. ಹಾಕಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಒಂದು ದಿನ ಒಳಗಿನ ಫೇಸ್ ತಂತಿಯ ಹೊದಿಕೆ ಬಿಸಿಗೆ ಸವೆದು, ತಂತಿ ಗೀಸರಿನ ಲೋಹದ ಮೈಗೆ ತಾಗಿತೆಂದು ಇಟ್ಟುಕೊಳ್ಳಿ. ಆಗ ವಿದ್ಯುತ್ತು ಅರ್ಥ್ ತಂತಿಯ ಮೂಲಕ ಮನೆಯ ಅರ್ಥ್ ಗುಂಡಿಗೆ ಇಳಿದು, ಮಣ್ಣಿನಲ್ಲಿ ಹಾದು, ಬೀದಿಯ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿರುವ ಗುಂಡಿಯ ದಾರಿಯಾಗಿ ಹೊರಟಲ್ಲಿಗೆ ಮರಳಬೇಕು. ದಾರಿಯಲ್ಲಿ ಇರುವುದು ಮಣ್ಣು, ತಾಮ್ರವಲ್ಲ. ನಮ್ಮ ಗುಂಡಿಯ ತಡೆ 8 ಓಮ್, ಆ ಕಡೆಯ ಗುಂಡಿಯದು 2 ಓಮ್ ಎನ್ನೋಣ. ಸಾಮಾನ್ಯ ಮನೆಗೆ ಇದು ಕೆಟ್ಟ ಅರ್ಥಿಂಗ್ ಅಲ್ಲ. 230 ವೋಲ್ಟನ್ನು ಒಟ್ಟು 10 ಓಮಿನಿಂದ ಭಾಗಿಸಿದರೆ 23 ಆಂಪಿಯರ್ ಬರುತ್ತದೆ.

ಹದಿನಾರರ ಎಂ.ಸಿ.ಬಿ. ಇಪ್ಪತ್ತಮೂರಕ್ಕೆ ಬೀಳಲೇಬೇಕಲ್ಲ ಎನ್ನುತ್ತೀರಿ. ಹಾಗಿಲ್ಲ. ಎಂ.ಸಿ.ಬಿ.ಯ ಒಳಗೆ ಎರಡು ಅಂಗಗಳಿವೆ. ಒಂದು, ಬಿಸಿಯಾದಂತೆ ನಿಧಾನವಾಗಿ ಬಾಗುವ ಲೋಹದ ಪಟ್ಟಿ. ಇನ್ನೊಂದು, ಭಾರಿ ಪ್ರವಾಹ ಬಂದಾಗ ಥಟ್ಟನೆ ಎಳೆಯುವ ಕಾಂತದ ಸುರುಳಿ. ಪಟ್ಟಿಯ ಮಟ್ಟಿಗೆ ಮಾನಕದ ನಿಯಮವೆಂದರೆ, ನಮೂದಾದ ಪ್ರವಾಹದ 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಹದಿನಾರಕ್ಕೆ ಅದು 23.2 ಆಂಪಿಯರ್. ನಮ್ಮ ಪ್ರವಾಹ ಕೂದಲೆಳೆಯಷ್ಟು ಕಡಿಮೆ! ಸುರುಳಿಯಾದರೋ, ಮನೆಗಳಲ್ಲಿ ಹೆಚ್ಚಾಗಿ ಕಾಣುವ ‘ಸಿ’ ಜಾತಿಯದಾದರೆ ಐದರಿಂದ ಹತ್ತು ಪಟ್ಟು, ಎಂದರೆ 80ರಿಂದ 160 ಆಂಪಿಯರ್ ಬಂದಾಗ ಎಳೆಯುತ್ತದೆ; ‘ಬಿ’ ಜಾತಿಯದು ಮೂರರಿಂದ ಐದು ಪಟ್ಟಿಗೆ. ಎರಡಕ್ಕೂ ನಮ್ಮ 23 ಸಾಲದು. ಗೀಸರು ನೀರು ಕಾಯಿಸುತ್ತಿರುವಾಗ ಅದರ 8.7 ಆಂಪಿಯರೂ ಸೇರುವುದರಿಂದ ಪಟ್ಟಿ ಬಾಗಿ ಸ್ವಲ್ಪ ಹೊತ್ತಿಗೆ ಬೀಳಬಹುದು. ಆದರೆ ನೀರು ಕಾದು ಥರ್ಮೋಸ್ಟ್ಯಾಟ್ ಬಿಡಿಸಿದ ಮೇಲೆ ಉಳಿಯುವುದು ಬರೀ 23. ಗಂಟೆಗೆ ಐದು ಯೂನಿಟ್ಟಿಗೂ ಹೆಚ್ಚು ಮಣ್ಣುಪಾಲಾಗುತ್ತಿದ್ದರೂ ಬೋರ್ಡಿನ ಕಡ್ಡಿ ಮೇಲೆಯೇ ನಿಂತಿರಬಹುದು.

ಈಗ ಗೀಸರಿನ ಮೈ ಯಾವ ಸ್ಥಿತಿಯಲ್ಲಿದೆ? 23 ಆಂಪಿಯರ್ 8 ಓಮಿನಲ್ಲಿ ಹರಿದರೆ 184 ವೋಲ್ಟ್. ಒದ್ದೆ ನೆಲದ ಮೇಲೆ ನಿಂತು ಮುಟ್ಟಿದವರಿಗೆ ಅದು ಜೀವಾಪಾಯ. ಅಷ್ಟಕ್ಕೇ ಮುಗಿಯಲಿಲ್ಲ. ಫ್ರಿಜ್ಜು, ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಅದೇ ಅರ್ಥ್ ತಂತಿಗೆ ಸೇರಿವೆಯಲ್ಲವೆ? ಬಚ್ಚಲುಮನೆಯ ದೋಷ ಅಡಿಗೆಮನೆಯ ಫ್ರಿಜ್ಜಿನ ಬಾಗಿಲಲ್ಲಿ ಕೈಗೆ ತಗಲುತ್ತದೆ. ಮನೆಯ ಎರಡು ಮೂರು ಉಪಕರಣಗಳು ಒಂದೇ ಕಾಲಕ್ಕೆ ಜುಮ್ಮೆಂದರೆ ಅವೆಲ್ಲವೂ ಒಟ್ಟಿಗೆ ಕೆಟ್ಟಿವೆಯೆಂದು ತಿಳಿಯಬೇಡಿ. ಅರ್ಥ್ ತಂತಿಯೇ ವೋಲ್ಟೇಜನ್ನು ಹೊತ್ತು ತರುತ್ತಿರಬಹುದೆಂದು ಅನುಮಾನಿಸಿ. ಬೇರಾವುದನ್ನೂ ಮುಟ್ಟದೆ ಮುಖ್ಯ ಸ್ವಿಚ್ಚನ್ನು ಆರಿಸಿ, ಕೆಲಸ ಬಲ್ಲವರನ್ನು ಕರೆಸಿ.

ಹಾಗಾದರೆ ಎಂ.ಸಿ.ಬಿ. ಯಾತಕ್ಕೆ? ಅದು ಗೋಡೆಯೊಳಗಿನ ತಂತಿಯನ್ನು ಕಾಯುವ ಕಾವಲುಗಾರ. ಆದುದರಿಂದ ಅದನ್ನು ತಂತಿಯ ಗಾತ್ರ ನೋಡಿ ಆರಿಸಬೇಕು. ದೀಪ, ಫ್ಯಾನುಗಳ 1.5 ಚದರ ಮಿಲಿಮೀಟರ್ ತಂತಿಗೆ 6 ಅಥವಾ 10 ಆಂಪಿಯರ್, 2.5ರ ತಂತಿಗೆ 16 ಎಂಬುದು ಗೋಡೆಯೊಳಗಿನ ಪೈಪಿನಲ್ಲಿ ಹೋಗುವ ತಾಮ್ರದ ತಂತಿಗೆ ಸಾಮಾನ್ಯ ಲೆಕ್ಕ. ಗೀಸರಿನ ಸಾಲಿಗೇ ಇಸ್ತ್ರಿಪೆಟ್ಟಿಗೆಯನ್ನೂ ಒಗೆಯುವ ಯಂತ್ರವನ್ನೂ ಸೇರಿಸಿದಾಗ ಅದು ಬೀಳತೊಡಗುತ್ತದೆ. ‘ಅಮ್ಮಾ, ಇದು ಪದೇ ಪದೇ ಬೀಳ್ತಿದೆ, ಮೂವತ್ತೆರಡರದು ಹಾಕಿಬಿಡ್ತೀನಿ’ ಎನ್ನುವ ಕೆಲಸಗಾರ ಆಗ ಬಹಳ ಉಪಕಾರಿಯಾಗಿ ಕಾಣುತ್ತಾನೆ. ತಂತಿ ಮಾತ್ರ ಹಳೆಯದೇ. ಮೂವತ್ತೆರಡರ ಎಂ.ಸಿ.ಬಿ. 36 ಆಂಪಿಯರನ್ನು ಗಂಟೆಗಟ್ಟಲೆ ಸುಮ್ಮನೆ ಬಿಟ್ಟುಕೊಡುತ್ತದೆ; ಅಷ್ಟರಲ್ಲಿ ಗೋಡೆಯೊಳಗೆ ತಂತಿಯ ಹೊದಿಕೆ ಬೆಂದಿರುತ್ತದೆ. ಇದಕ್ಕೆ ಉಪಾಯ ಬೇರೊಂದು ಸಾಲು ಎಳೆಯುವುದು, ಖರ್ಚಾದರೂ ಚಿಂತೆಯಿಲ್ಲ.

ಮನುಷ್ಯನನ್ನು ಕಾಯುವ ಉಪಕರಣದ ಹೆಸರು ಆರ್.ಸಿ.ಸಿ.ಬಿ. ಅದರ ಲೆಕ್ಕ ಬಹು ಸರಳ. ಫೇಸಿನಲ್ಲಿ ಹೋದಷ್ಟು ಪ್ರವಾಹ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಕೊರತೆ 30 ಮಿಲಿಆಂಪಿಯರ್ ಮುಟ್ಟಿದರೆ 0.3 ಸೆಕೆಂಡಿನೊಳಗೆ ಕಡಿದುಹಾಕಬೇಕು. ಕೊರತೆ ಹೆಚ್ಚಿದಷ್ಟೂ ಇನ್ನೂ ಬೇಗ. ನಮ್ಮ ಗೀಸರಿನಲ್ಲಿ ಕೊರತೆ 23 ಆಂಪಿಯರ್, ಬೇಕಾದುದಕ್ಕಿಂತ ಏಳುನೂರು ಪಟ್ಟಿಗೂ ಹೆಚ್ಚು! ಯಾರೂ ಮುಟ್ಟುವ ಮೊದಲೇ ಅದು ಬಿದ್ದಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ, ಅಥವಾ ಕಲ್ಲುನೆಲದಲ್ಲಿ ಗುಂಡಿಯ ತಡೆ ನೂರು ಓಮಿಗೆ ಏರಿದರೂ ಎರಡು ಆಂಪಿಯರ್ ಹರಿಯುತ್ತದೆ, ಅದೂ ಧಾರಾಳ. ಹಾಗೆಂದು ಅರ್ಥ್ ತಂತಿಯನ್ನೇ ಬಿಟ್ಟರೆ, ಮೈಗೆ ಬಂದ ವಿದ್ಯುತ್ತು ಯಾರಾದರೂ ಮುಟ್ಟುವವರೆಗೆ ಕಾದಿದ್ದು, ಅವರ ದೇಹದ ಮೂಲಕವೇ ಮೊದಲು ಹರಿಯುತ್ತದೆ. ಕೊಳ್ಳುವಾಗ ಮುಖದ ಮೇಲೆ 30 ಮಿಲಿಆಂಪಿಯರ್ ಎಂದು ಅಚ್ಚಾಗಿದೆಯೇ ನೋಡಿ. 100 ಅಥವಾ 300ರದು ದೇಹವನ್ನು ಕಾಯಲು ಸಾಲದು. ಇದು ಹೆಚ್ಚು ಹೊರೆಯನ್ನು ಗುರುತಿಸುವುದಿಲ್ಲವಾದ್ದರಿಂದ ಜೊತೆಗೆ ಎಂ.ಸಿ.ಬಿ.ಯೂ ಬೇಕೇ ಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದೂ ಉಳಿಸಲಾರದು. ಹೋದ ಪ್ರವಾಹ ಅಷ್ಟೂ ಮರಳುವುದರಿಂದ ಅದರ ತಕ್ಕಡಿಗೆ ಕೊರತೆಯೇ ಕಾಣದು.

ಗುಂಡಿ ತೋಡುವ ಖರ್ಚು ಉಳಿಸಲು ಪ್ಲಗ್ಗಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲಿಗೆ ಸೇರಿಸುವವರಿದ್ದಾರೆ. ಎಲ್ಲಿಯಾದರೂ ನ್ಯೂಟ್ರಲ್ ತಂತಿ ತುಂಡಾದರೆ ಉಪಕರಣದ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಅಂಥ ಜೋಡಣೆ ಕಂಡರೆ ಆ ದಿನವೇ ತೆಗೆಸಿ.

ಅರ್ಥ್ ಸರಿಯಿದೆಯೆಂದು ತೋರಿಸಲು ಫೇಸಿಗೂ ಅರ್ಥಿಗೂ ನಡುವೆ ನೂರು ವ್ಯಾಟಿನ ಬಲ್ಬು ಹಿಡಿದು ಉರಿಸುವುದು ಹಳೆಯ ರೂಢಿ. ಇದನ್ನು ನಂಬಲಾಗದು. ಆ ಬಲ್ಬಿನ ತಡೆಯೇ ಐನೂರು ಓಮಿಗೂ ಮೇಲೆ. ಗುಂಡಿಯದು 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿ ಅದು ಬೆಳ್ಳಗೆ ಉರಿಯುತ್ತದೆ. ಗುಂಡಿಯ ತಡೆಯನ್ನು ಅರ್ಥ್ ಟೆಸ್ಟರಿನಿಂದ ಅಳೆಯಿಸಿ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ, ಮಣ್ಣು ಒಣಗಿರುವಾಗ ಅಳೆಯಿಸಿದರೆ ಅದರ ನಿಜಬಣ್ಣ ತಿಳಿಯುತ್ತದೆ. ಆ ತಿಂಗಳುಗಳಲ್ಲಿ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಿಸಿ. ಆರ್.ಸಿ.ಸಿ.ಬಿ.ಯ ಮೇಲಿರುವ ‘ಟಿ’ ಎಂಬ ಗುಂಡಿಯನ್ನು ಒತ್ತಿದರೆ ಅದು ಕೂಡಲೆ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ. ತಿಂಗಳಿಗೊಮ್ಮೆ ಒತ್ತಿ ನೋಡಿ. ಆದರೆ ಅದು ಪರೀಕ್ಷಿಸುವುದು ಆ ಉಪಕರಣವನ್ನು ಮಾತ್ರ. ಅರ್ಥ್ ತಂತಿ ಎಲ್ಲೋ ಕಡಿದುಹೋಗಿದ್ದರೂ ‘ಟಿ’ ಒತ್ತಿದಾಗ ಅದು ಎಂದಿನಂತೆಯೇ ಬೀಳುತ್ತದೆ.