ಎರಡು ಗಂಟೆ ಮಾತು, 28 ಪುಟದ ನೆನಪು

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮೇ 31 ಎಂದರೆ ಶಾಲು, ಹಾರ, ಮೈಸೂರು ಪೇಟದ ದಿನ. ಅರವತ್ತು ತುಂಬುವ ತಿಂಗಳ ಕೊನೆಯ ದಿನ ನೌಕರರು ನಿವೃತ್ತರಾಗುತ್ತಾರೆ. ಒಂದನೇ ತಾರೀಖು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಗೇ ಮುಗಿಯಿತು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಹಳ್ಳಿಯ ಮೇಷ್ಟ್ರುಗಳು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದ ಕಾಲವೊಂದಿತ್ತು. ಹಾಗೆ ಶಾಲೆ ಸೇರಿದವರೆಲ್ಲ ಈಗ ಮೇ 31ರಂದು ಒಟ್ಟಿಗೇ ಮನೆಗೆ ಹೊರಡುತ್ತಿದ್ದಾರೆ.

ಆ ದಿನ ಆಡುವ ಮಾತುಗಳು ಈಗ ಯಾರಾದರೊಬ್ಬರ ಮೊಬೈಲಿನಲ್ಲಿ ರೆಕಾರ್ಡ್ ಆಗಿಯೇ ಇರುತ್ತವೆ. ವಾಟ್ಸ್ಆ್ಯಪ್ ಗುಂಪಿಗೆ ಒಮ್ಮೆ ಬಿದ್ದ ಮೇಲೆ ಅದನ್ನು ಪೂರ್ತಿ ಕೇಳುವವರು ಅಪರೂಪ. ಮಲೆನಾಡಿನ ಒಂದು ವಿದ್ಯುತ್ ಸೆಕ್ಷನ್ ಆಫೀಸಿನಲ್ಲಿ ಮಾತ್ರ ಕಿರಿಯ ಸಹಾಯಕಿಯೊಬ್ಬರು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ನಿವೃತ್ತರಾದವರು ಅದೇ ಆಫೀಸಿನ ಲೈನ್‌ಮ್ಯಾನ್. ಊರವರಿಗೆಲ್ಲ ‘ಲೈನ್‌ಮ್ಯಾನ್ ಅಣ್ಣ’. ಅವರು ಕೆಲಸಕ್ಕೆ ಸೇರಿದಾಗ ಇದ್ದದ್ದು ಕೆಇಬಿ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿದ್ಯುತ್ ಹಂಚುವ ಕೆಲಸ ಪ್ರತ್ಯೇಕ ಕಂಪನಿಗಳಿಗೆ ಹೋಯಿತು. ಊರಿನವರು ಇಂದಿಗೂ ‘ಕೆಇಬಿಯವರು ಬಂದ್ರು’ ಎಂದೇ ಹೇಳುತ್ತಾರೆ. ಆ ರೆಕಾರ್ಡಿಂಗಿನಿಂದ ಒಂದು ಪುಟ್ಟ ಪುಸ್ತಿಕೆ ಮಾಡಿ ಅವರ ಕೈಗಿಡಬೇಕು ಎಂಬುದು ಸಹಾಯಕಿಯ ಆಸೆ.

ಮೊದಲ ತೊಡಕು ಧ್ವನಿಯದ್ದೇ. ಸಮಾರಂಭಕ್ಕೆ ಬಂದ ಫೋಟೋಗ್ರಾಫರ್ ಕೊಟ್ಟ ವಿಡಿಯೊದಲ್ಲಿ ಭಾಷಣದ ಮೇಲೆಲ್ಲ ಹಾಡು ಹಾಕಿಬಿಟ್ಟಿದ್ದರು. ಎಡಿಟ್ ಮಾಡುವ ಮುಂಚಿನ ಫೈಲು ಬೇಕು ಎಂದು ಆ ದಿನವೇ ಹೇಳಿಡಬೇಕು. ತಡವಾದರೆ ಸ್ಟುಡಿಯೊದವರು ಜಾಗ ಸಾಲದೆಂದು ಅಳಿಸಿಬಿಡುತ್ತಾರೆ. ಪುಣ್ಯಕ್ಕೆ ಅವರದೇ ಮೊಬೈಲನ್ನು ಮೈಕಿನ ಕೆಳಗಿನ ಮೇಜಿನ ಮೇಲೆ ಇಟ್ಟಿದ್ದರು. ಸ್ಪೀಕರ್ ಡಬ್ಬದ ಪಕ್ಕ ಇಟ್ಟಿದ್ದರೆ ಗುಂಯ್ ಎನ್ನುವ ಪ್ರತಿಧ್ವನಿಯಲ್ಲಿ ಒತ್ತಕ್ಷರಗಳೇ ಕೇಳುತ್ತಿರಲಿಲ್ಲ. ಯಾರಾದರೂ ಕರೆ ಮಾಡಿ ರೆಕಾರ್ಡಿಂಗ್ ತುಂಡಾಗದಿರಲಿ ಎಂದು ಫ್ಲೈಟ್ ಮೋಡ್‌ಗೂ ಹಾಕಿದ್ದರು.

ಎರಡು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಹೊರಟರೆ ಒಂದು ಗಂಟೆಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಅವರು ಹಾಗೆ ಮಾಡಲಿಲ್ಲ. ಮೊದಲ ಸಲ ಕೇಳುವಾಗ ನೋಟ್‌ಬುಕ್ಕಿನಲ್ಲಿ ಮೂರೇ ಕಲಂ: ಎಷ್ಟನೇ ನಿಮಿಷ, ಯಾರು, ಏನು ಹೇಳಿದರು. ಹಾಗೆ ಪಟ್ಟಿ ಮಾಡಿದಾಗ ಒಂದು ಸಂಗತಿ ಎದ್ದು ಕಂಡಿತು. ವೇದಿಕೆಯ ಮೇಲಿದ್ದ ಗಣ್ಯರೆಲ್ಲ ‘ಸರಳ ಸಜ್ಜನರು’, ‘ಅಜಾತಶತ್ರು’, ‘ಕರ್ತವ್ಯನಿಷ್ಠರು’ ಎಂದು ಹೊಗಳಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮಾತನ್ನು ಯಾವ ನೌಕರರ ಬೀಳ್ಕೊಡುಗೆಯಲ್ಲಿ ಬೇಕಾದರೂ ಹೇಳಬಹುದು, ಹೇಳುತ್ತಾರೆ ಕೂಡ. ಪುಸ್ತಿಕೆಯಲ್ಲಿ ಅವರೆಲ್ಲರ ಹೆಸರನ್ನೂ ಹಾರೈಕೆಯನ್ನೂ ಸೇರಿಸಿ ಒಂದೇ ಪುಟ ಬರೆದರು. ಯಾರ ಹೆಸರೂ ಬಿಟ್ಟುಹೋಗಲಿಲ್ಲ. ಉಳಿದ ಪುಟಗಳೆಲ್ಲ ‘ಒಂದ್ ಸಲ ಏನಾಯ್ತು ಅಂದ್ರೆ’ ಎಂದು ಶುರುವಾದ ಮಾತುಗಳಿಗೆ ಮೀಸಲು. ಅಂಥ ಭಾಗಗಳನ್ನಷ್ಟೇ ಪದಪದವಾಗಿ ಟೈಪ್ ಮಾಡಿದರು.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಥೆ ಹೇಳಿದವರು ಜೆಇ. ಭಾರಿ ಮಳೆಗೆ ಮರಗಳು ಬಿದ್ದು ಹನ್ನೊಂದು ಕೆವಿ ಫೀಡರ್ ನೆಲಕ್ಕೆ ಒರಗಿತ್ತು. ಸಬ್‌ಸ್ಟೇಷನ್‌ನಿಂದ ಫೋನ್ ಬಂತು, ‘ಲೈನ್ ಆಫ್ ಮಾಡಿದೀವಿ, ಹತ್ತಿ.’ ಲೈನ್‌ಮ್ಯಾನ್ ಹತ್ತಲಿಲ್ಲ. “ಆಫ್ ಅಂದ್ರೆ ಸಾಲ್ದು ಸಾರ್, ಎಲ್‌ಸಿ ನಂಬರ್ ಕೊಡಿಸಿ” ಎಂದು ಮಳೆಯಲ್ಲೇ ನಿಂತರು. ನಂಬರ್ ಬಂದು ಪುಸ್ತಕದಲ್ಲಿ ಬರೆದುಕೊಂಡ ಮೇಲೂ ಹತ್ತಲಿಲ್ಲ. ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ತಿಂಗ್ ರಾಡ್ ಹಾಕಬೇಕು ಎಂದರು. ಜನ ಕತ್ತಲಲ್ಲಿ ಕಾಯುತ್ತಿದ್ದಾರೆ, ತಡ ಮಾಡಬೇಡಿ ಎಂದು ತಾನೇ ಗದರಿದ್ದಾಗಿ ಜೆಇ ಮೈಕಿನಲ್ಲಿ ಹೇಳಿಕೊಂಡರು. ಎರಡನೇ ರಾಡಿನ ಕೊಕ್ಕೆ ತಂತಿಗೆ ತಾಗಿದ್ದೇ ತಡ, ಚಟ್ಟನೆ ಕಿಡಿ ಹಾರಿತು. ಆಫ್ ಆಗಿದ್ದ ಲೈನಿನಲ್ಲಿ ಕರೆಂಟಿತ್ತು.

ಸಭೆಯಲ್ಲಿದ್ದ ಸಿಬ್ಬಂದಿಗೆ ಇಷ್ಟು ಸಾಕು, ಎಲ್ಲರಿಗೂ ಅರ್ಥವಾಯಿತು. ಆದರೆ ಪುಸ್ತಿಕೆ ಓದುವವರಲ್ಲಿ ಲೈನ್‌ಮ್ಯಾನ್ ಅವರ ಮಗಳಿದ್ದಾರೆ, ಮುಂದೆ ಮೊಮ್ಮಕ್ಕಳಿರುತ್ತಾರೆ. ಅವರಿಗಾಗಿ ಸಹಾಯಕಿ ನಾಲ್ಕು ಸಾಲು ವಿವರಣೆ ಸೇರಿಸಿದರು. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಆ ನಂಬರ್ ಕೊಟ್ಟ ಮೇಲೆ, ಪಡೆದವರೇ ಅದನ್ನು ಹಿಂದಿರುಗಿಸುವವರೆಗೆ ಸಬ್‌ಸ್ಟೇಷನ್ನಿನವರು ಲೈನ್ ಚಾರ್ಜ್ ಮಾಡುವಂತಿಲ್ಲ. ಆದರೆ ಅಪಾಯ ಬರುವುದು ಸಬ್‌ಸ್ಟೇಷನ್ನಿನಿಂದ ಮಾತ್ರವಲ್ಲ. ಕರೆಂಟ್ ಹೋದಾಗ ಎಸ್ಟೇಟುಗಳಲ್ಲಿ ಜನರೇಟರ್ ಹಾಕುತ್ತಾರೆ. ಮುಖ್ಯ ಲೈನನ್ನು ಬೇರ್ಪಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಆ ಕರೆಂಟು ಟೀಸಿಗೆ ಹಿಂದಿನಿಂದ ನುಗ್ಗುತ್ತದೆ. ಊರಿಗೆ ಬರುವಾಗ ಹನ್ನೊಂದು ಸಾವಿರ ವೋಲ್ಟನ್ನು ಇಳಿಸುವ ಅದೇ ಟೀಸಿ, ಹಿಂದಿನಿಂದ ಬಂದದ್ದನ್ನು ಏರಿಸಿ ಕಂಬದ ತಂತಿಗೆ ಕಳಿಸುತ್ತದೆ. ಅರ್ತಿಂಗ್ ರಾಡ್ ಇದ್ದರೆ ಅದು ನೆಲಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಮನುಷ್ಯನ ಮೈಯ ಮೂಲಕ. ಯಾವ ಕಡೆಯಿಂದ ಬರುತ್ತದೆಂದು ಮೊದಲೇ ಹೇಳಲಾಗದ ಕಾರಣ ಎರಡೂ ಕಡೆ ರಾಡ್ ಬೇಕು. ಇಷ್ಟು ತಿಳಿದ ಮೇಲೆ ‘ಕರ್ತವ್ಯನಿಷ್ಠರು’ ಎಂಬ ಮಾತನ್ನು ಬೇರೆಯಾಗಿ ಬರೆಯುವ ಅಗತ್ಯವೇ ಬೀಳಲಿಲ್ಲ.

ಇದು ಯಾವ ವರ್ಷದ ಕಥೆ? ಜೆಇ 2018 ಎಂದಿದ್ದರು. ಇನ್ನೊಬ್ಬರು ಅದೇ ಘಟನೆಯನ್ನು ‘ಕೊರೊನಾದ ಹಿಂದಿನ ವರ್ಷ’ ಎಂದಿದ್ದರು. ತಪ್ಪಾಗುವುದು ಸಹಜ; 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದಿತ್ತು, 2019ರ ಆಗಸ್ಟ್‌ನಲ್ಲಿ ಮಲೆನಾಡಿನಲ್ಲೆಲ್ಲ ಪ್ರವಾಹ. ಎರಡು ಮಳೆಗಾಲಗಳು ನೆನಪಿನಲ್ಲಿ ಒಂದಾಗಿಬಿಡುತ್ತವೆ. ಸಬ್‌ಸ್ಟೇಷನ್ನಿನ ಲಾಗ್‌ಬುಕ್ ತೆಗೆಸಿ ನೋಡಿದರೆ ಎಲ್‌ಸಿ ಕೊಟ್ಟ ನಮೂದು 2019ರ ಆಗಸ್ಟ್‌ನಲ್ಲಿತ್ತು. ಪುಸ್ತಿಕೆಯಲ್ಲಿ ಆ ವರ್ಷ ಬಂತು. ಎಸ್ಟೇಟಿನ ಹೆಸರನ್ನು ಮಾತ್ರ ತೆಗೆದರು. ನಾಲ್ಕು ಜನರ ಮುಂದೆ ಆಡಿದ ಮಾತು ಅಚ್ಚಾದಾಗ ಆರೋಪವಾಗುತ್ತದೆ, ಆ ಎಸ್ಟೇಟಿನವರು ತಮ್ಮ ಕಡೆಯ ಮಾತು ಹೇಳಲು ಆ ಸಭೆಯಲ್ಲಿ ಇರಲಿಲ್ಲ. ಒಬ್ಬ ಹಳೆಯ ಸಹೋದ್ಯೋಗಿಯ ಕುಡಿತದ ಬಗ್ಗೆ ಯಾರೋ ಹೇಳಿ ಎಲ್ಲರನ್ನೂ ನಗಿಸಿದ ಪ್ರಸಂಗವನ್ನೂ ಇದೇ ಕಾರಣಕ್ಕೆ ಬಿಟ್ಟರು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಭಾಷೆ. ಹೆಲ್ಪರ್ ಹುಡುಗನೊಬ್ಬ ತನ್ನ ಮೊದಲ ಕಂಬದ ಕಥೆ ಹೇಳಿದ್ದ. ರೆಕಾರ್ಡಿಂಗಿನಲ್ಲಿ ಅದು ಹೀಗಿತ್ತು: “ಅದು, ಏನಂದ್ರೆ, ಕಂಬ ಹತ್ತಿದೆ, ಹತ್ತಿದ್ನಾ, ಕಾಲು ಹಿಂಗೆ ನಡುಗೋಕೆ ಶುರುವಾಯ್ತು, ಅಂದ್ರೆ ಫಸ್ಟ್ ಟೈಮು ನೋಡಿ, ಅಣ್ಣ ಬೈಲಿಲ್ಲ, ಬೈಲಿಲ್ಲ ಅವ್ರು, ಕೆಳಗೆ ನೋಡ್ಬೇಡ ಮಾರಾಯ, ಕ್ರಾಸ್ ಆರ್ಮ್ ನೋಡು ಅಂತ, ಹಂಗಂದ್ರು.” ಸಹಾಯಕಿ ಮೊದಲು ಇದನ್ನು ‘ಪ್ರಥಮ ಬಾರಿಗೆ ಕಂಬವನ್ನು ಏರಿದಾಗ ನನ್ನ ಕಾಲುಗಳು ಕಂಪಿಸತೊಡಗಿದವು’ ಎಂದು ಗ್ರಂಥಸ್ಥ ಮಾಡಿದರು. ಓದಿದರೆ ಹುಡುಗನೇ ಕಾಣೆ. ಆಮೇಲೆ ತಡವರಿಕೆಯನ್ನು ಮಾತ್ರ ತೆಗೆದು ಹೀಗೆ ಉಳಿಸಿಕೊಂಡರು: “ಮೊದಲ ಸಲ ಕಂಬ ಹತ್ತಿದಾಗ ಕಾಲು ನಡುಗೋಕೆ ಶುರುವಾಯ್ತು. ಅಣ್ಣ ಬೈಲಿಲ್ಲ. ಬೈಲಿಲ್ಲ ಅವ್ರು. ‘ಕೆಳಗೆ ನೋಡ್ಬೇಡ ಮಾರಾಯ, ಕ್ರಾಸ್ ಆರ್ಮ್ ನೋಡು’ ಅಂದ್ರು.” ಎರಡು ಸಲ ಬಂದ ‘ಬೈಲಿಲ್ಲ’ ತಡವರಿಕೆಯಲ್ಲ, ಆ ಹುಡುಗ ಹೇಳಬೇಕೆಂದುಕೊಂಡಿದ್ದೇ ಅದು. ಅಳಿಸುವ ಮುನ್ನ ಮತ್ತೊಮ್ಮೆ ಕೇಳಿದ್ದರಿಂದ ಉಳಿಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ‘ನಂಗೆ ಮೈಕು ಬ್ಯಾಡ’ ಎಂದು ಕೂತಲ್ಲಿಂದಲೇ ಮಾತಾಡಿದ್ದರು. ಮೊಬೈಲಿಗೆ ಸಿಕ್ಕಿದ್ದು ಅರ್ಧ, ಉಳಿದದ್ದು ಕುರ್ಚಿ ಎಳೆಯುವ ಸದ್ದು. ಕೇಳದ ಜಾಗವನ್ನು ಊಹೆಯಿಂದ ತುಂಬುವುದು ಸುಲಭ, ತಪ್ಪಾಗುವುದೂ ಅಲ್ಲೇ. ಸಹಾಯಕಿ ಒಂದು ಭಾನುವಾರ ಅವರ ಮನೆಗೆ ಹೋಗಿ ಕೇಳಿಕೊಂಡು ಬಂದರು. ಅಜ್ಜಿಯ ಮನೆಯದ್ದು ಭಾಗ್ಯಜ್ಯೋತಿ ಸಂಪರ್ಕ, ಒಂದೇ ಬಲ್ಬು. ದೀಪಾವಳಿಯ ಹಿಂದಿನ ರಾತ್ರಿ ಅದು ಕೆಟ್ಟಿತ್ತು. “ಒಂದ್ ಬಲ್ಬಿಗೆ ಯಾರು ಬರ್ತಾರೆ ಅಂತ ಮಲಗಿದ್ದೆ. ಆ ಹುಡುಗ ಬಂದ. ಕಾಫಿ ಕುಡೀ ಅಂದ್ರೆ, ಇನ್ನೂ ಎರಡ್ ಮನೆ ಅದಾವೆ ಅಜ್ಜಿ ಅಂದ.” ಅರವತ್ತರ ಲೈನ್‌ಮ್ಯಾನ್ ಆ ಪುಟದಲ್ಲಿ ‘ಹುಡುಗ’ನಾಗಿಯೇ ಇದ್ದಾರೆ.

ಕೊನೆಗೆ ಮಾತಾಡಿದವರು ಅವರ ಹೆಂಡತಿ. “ಮಳೆಗಾಲದಲ್ಲಿ ಇವರು ಬರೋತನಕ ನಾನು ಊಟ ಮಾಡ್ತಿರ್ಲಿಲ್ಲ. ಈ ಸಲ ಮಾಡ್ತೀನಿ.” ಇಷ್ಟೇ. ರೆಕಾರ್ಡಿಂಗಿನಲ್ಲಿ ಎರಡು ವಾಕ್ಯಗಳ ನಡುವೆ ಬಹಳ ಹೊತ್ತು ಸದ್ದಿಲ್ಲ. ‘ಭಾವುಕರಾಗಿ ನುಡಿದರು’ ಎಂದು ಬರೆಯುವ ವರದಿಯ ಅಭ್ಯಾಸವನ್ನು ಸಹಾಯಕಿ ಇಲ್ಲಿ ಬಿಟ್ಟರು. ಎರಡು ವಾಕ್ಯಗಳನ್ನು ಒಂದು ಪುಟದಲ್ಲಿಟ್ಟು, ನಡುವೆ ಜಾಗ ಬಿಟ್ಟು, ಉಳಿದದ್ದನ್ನು ಖಾಲಿ ಉಳಿಸಿದರು. ಅಚ್ಚಿಗೆ ಕೊಡುವ ಮುನ್ನ ಅವರಿಗೂ, ಮಾತು ಸೇರಿದ್ದ ಪ್ರತಿಯೊಬ್ಬರಿಗೂ ಅವರವರ ಭಾಗ ಓದಿ ಹೇಳಿ ಒಪ್ಪಿಗೆ ಪಡೆದರು.

ಪುಸ್ತಿಕೆಗೆ ಲೆಕ್ಕ ಹಾಕಿದ್ದು 24 ಪುಟ. ಎ5 ಅಳತೆ, ನಡುವೆ ಪಿನ್. ಕರಡು ಪ್ರತಿಯನ್ನು ಕೊನೆಗೆ ಲೈನ್‌ಮ್ಯಾನ್ ಅವರಿಗೇ ತೋರಿಸಿದರು. ಅವರು ತಿದ್ದಿದ್ದು ಒಂದೇ ಕಡೆ, ಜೆಇ ಹೇಳಿದ ಕಥೆಯಲ್ಲಿ. ಆ ದಿನ ರಾಡ್ ಹಾಕುವ ಮುಂಚೆಯೇ ಕೆಳಗಿನ ತೋಟದಲ್ಲಿ ಜನರೇಟರ್ ಓಡುವ ಸದ್ದು ಕೇಳಿಸಿಕೊಂಡವರು ತಾವಲ್ಲ, ಜೊತೆಗಿದ್ದ ಗ್ಯಾಂಗ್‌ಮನ್. ಎರಡನೇ ರಾಡ್ ಹಾಕೋಣ ಎಂದವರೂ ಅವರೇ. ಜೆಇ ದೂರದಲ್ಲಿದ್ದರು, ಅವರಿಗೆ ಗೊತ್ತಿರಲಿಕ್ಕಿಲ್ಲ ಎಂದರು. ಆ ಗ್ಯಾಂಗ್‌ಮನ್ ಸಭೆಗೆ ಬಂದಿದ್ದರು, ಊಟ ಬಡಿಸುವ ಕೆಲಸದಲ್ಲಿದ್ದುದರಿಂದ ವೇದಿಕೆಗೆ ಯಾರೂ ಕರೆದಿರಲಿಲ್ಲ. ಸಹಾಯಕಿ ಅವರನ್ನು ಹುಡುಕಿ ಮಾತಾಡಿಸಿ ಕಥೆಯನ್ನು ಮತ್ತೆ ಬರೆದಾಗ ಒಂದು ಪುಟ ಹೆಚ್ಚಾಯಿತು. ಪಿನ್ ಹೊಡೆಯುವ ಪುಸ್ತಕದಲ್ಲಿ ಹಾಳೆ ಮಡಚುವುದರಿಂದ ಪುಟಗಳು ನಾಲ್ಕು ನಾಲ್ಕಾಗಿಯೇ ಏರುತ್ತವೆ. ಹೀಗಾಗಿ 24 ಇದ್ದದ್ದು 28 ಆಯಿತು. ಮಿಕ್ಕ ಮೂರು ಪುಟಗಳಲ್ಲಿ ಆ ಸೆಕ್ಷನ್ನಿನಲ್ಲಿ ಲೈನ್‌ಮ್ಯಾನ್ ಅಣ್ಣನ ಜೊತೆ ಕಂಬ ಹತ್ತಿದ ಹೆಲ್ಪರ್‌ಗಳು, ಗ್ಯಾಂಗ್‌ಮನ್‌ಗಳು, ಗುತ್ತಿಗೆ ಹುಡುಗರ ಹೆಸರುಗಳನ್ನು ಸಾಲಾಗಿ ಹಾಕಿದರು.