ಬ್ಯಾಂಕಿನ ಪತ್ರದಲ್ಲಿ ಯಾವ ಮಾತಿರಬೇಕು?

ಟೆಂಡರ್‌ಗೆ ಕೊನೆಯ ದಿನ ಹತ್ತಿರವಾದಾಗ ಬ್ಯಾಂಕಿಗೆ ಓಡಿಬರುವ ಗುತ್ತಿಗೆದಾರರು ಸಾಮಾನ್ಯವಾಗಿ ಕೇಳುವುದು ಇಷ್ಟೇ: ‘ಟೆಂಡರ್‌ಗೆ ಒಂದು ಸರ್ಟಿಫಿಕೇಟ್ ಬೇಕಿತ್ತು ಸಾರ್.’ ಕೌಂಟರಿನಲ್ಲಿದ್ದವರು ಕಂಪ್ಯೂಟರಿನಿಂದ ಬ್ಯಾಲೆನ್ಸ್ ಸರ್ಟಿಫಿಕೇಟ್ ತೆಗೆದು ಸಹಿ, ಮೊಹರು ಹಾಕಿ ಕೊಡುತ್ತಾರೆ. ಟೆಂಡರ್ ತೆರೆದಾಗ ತಾಂತ್ರಿಕ ಪರಿಶೀಲನೆಯಲ್ಲೇ ಅರ್ಜಿ ಬಿದ್ದುಹೋಗುತ್ತದೆ. ಪತ್ರದಲ್ಲಿದ್ದುದೆಲ್ಲ ನಿಜ. ಆದರೆ ಇಲಾಖೆ ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಬ್ಯಾಲೆನ್ಸ್ ಸರ್ಟಿಫಿಕೇಟ್ ಹೇಳುವುದು ಒಂದೇ ಸಂಗತಿ: ಇಂಥ ದಿನಾಂಕದಂದು ಇಂಥವರ ಖಾತೆಯಲ್ಲಿ ಇಷ್ಟು ಹಣ ಇತ್ತು. ಮರುದಿನ ಅದು ಖಾಲಿಯಾಗಿರಬಹುದು, ಹಿಂದಿನ ದಿನವಷ್ಟೇ ಬಂದಿರಬಹುದು. ಸಾಲ್ವೆನ್ಸಿ ಸರ್ಟಿಫಿಕೇಟ್ ಬೇರೆಯೇ ಜಾತಿಯದು. ಈ ಗ್ರಾಹಕನ ಆಸ್ತಿ, ಸಾಲ, ವ್ಯವಹಾರ ಎಲ್ಲವನ್ನೂ ನೋಡಿ, ಇಷ್ಟು ರೂಪಾಯಿವರೆಗಿನ ಹೊಣೆಯನ್ನು ಹೊರಬಲ್ಲ ಎಂದು ಬ್ಯಾಂಕು ಕೊಡುವ ಅಭಿಪ್ರಾಯ ಅದು. ಆದ್ದರಿಂದಲೇ ಅದಕ್ಕೆ ಶುಲ್ಕವೂ ಹೆಚ್ಚು, ಸಮಯವೂ ಹೆಚ್ಚು.

ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಟೆಂಡರ್‌ಗಳಿಗೆ ‘ಫಾರಂ ಬಿ’ ಎಂಬ ನಮೂನೆಯನ್ನು ಇಟ್ಟುಕೊಂಡಿದೆ. ಅದರ ಒಕ್ಕಣೆಯ ತಾತ್ಪರ್ಯ ಹೀಗೆ: ‘ನಮಗೆ ತಿಳಿದಮಟ್ಟಿಗೆ, ನಮ್ಮಲ್ಲಿರುವ ಮಾಹಿತಿಯ ಪ್ರಕಾರ, ನಮ್ಮ ಗ್ರಾಹಕರಾದ ಇಂಥವರು ಗೌರವಸ್ಥರು, ಇಷ್ಟು ರೂಪಾಯಿಗಳ ಮಿತಿಯವರೆಗಿನ ಯಾವುದೇ ವ್ಯವಹಾರಕ್ಕೆ ಅವರನ್ನು ಯೋಗ್ಯರೆಂದು ಪರಿಗಣಿಸಬಹುದು. ಈ ಪತ್ರವನ್ನು ಬ್ಯಾಂಕಿನ ಅಥವಾ ಅದರ ಯಾವ ಅಧಿಕಾರಿಯ ಮೇಲೂ ಖಾತರಿಯಾಗಲಿ ಹೊಣೆಯಾಗಲಿ ಇಲ್ಲದಂತೆ ನೀಡಲಾಗಿದೆ.’ ಕೊನೆಯ ವಾಕ್ಯ ಓದಿ ಗಾಬರಿಯಾಗುವವರಿದ್ದಾರೆ. ಬ್ಯಾಂಕು ಕೈತೊಳೆದುಕೊಂಡಿತೆಂದು ಮ್ಯಾನೇಜರ್ ಹತ್ತಿರ ಜಗಳ ಆಡುವವರೂ ಇದ್ದಾರೆ. ಆದರೆ ಆ ಸಾಲು ಇಲಾಖೆಯ ನಮೂನೆಯಲ್ಲೇ ಇದೆ. ಅದನ್ನು ತೆಗೆಸಬೇಕಾಗಿಲ್ಲ, ತೆಗೆಯಲು ಬ್ಯಾಂಕು ಒಪ್ಪುವುದೂ ಇಲ್ಲ. ಖಾತರಿಯೇ ಬೇಕಿದ್ದರೆ ಅದಕ್ಕೆ ಬ್ಯಾಂಕ್ ಗ್ಯಾರಂಟಿ ಎಂಬ ಬೇರೆ ದಾಖಲೆ ಇದೆ. ಮೊತ್ತದ ಮುಂದಿನ ‘ಗುಡ್ ಫಾರ್ ಎನಿ ಎಂಗೇಜ್‌ಮೆಂಟ್’ ಎಂಬ ಮಾತು ಮಾತ್ರ ಇರಲೇಬೇಕು. ಅದಿಲ್ಲದೆ ‘ಖಾತೆಯ ವ್ಯವಹಾರ ತೃಪ್ತಿಕರವಾಗಿದೆ’ ಎಂದಷ್ಟೇ ಬರೆದ ಪತ್ರ ಬಂದರೆ ಅದು ಸಾಲ್ವೆನ್ಸಿಯಲ್ಲ.

ಮೊತ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಅಣ್ಣತಮ್ಮಂದಿರಿಬ್ಬರ ಪಾಲುದಾರಿಕೆ ಸಂಸ್ಥೆ. ಕಾಮಗಾರಿಯ ಅಂದಾಜು ವೆಚ್ಚ 1 ಕೋಟಿ 20 ಲಕ್ಷ ರೂಪಾಯಿ, ಸಾಲ್ವೆನ್ಸಿ ಅದರ ಶೇ 40 ಇರಬೇಕೆಂದು ಪ್ರಕಟಣೆ ಹೇಳಿದೆ ಎಂದಿಟ್ಟುಕೊಳ್ಳಿ. ಅಂದರೆ 48 ಲಕ್ಷ. ಸಂಸ್ಥೆಯ ಚಾಲ್ತಿ ಖಾತೆಯಲ್ಲಿರುವುದು 6 ಲಕ್ಷ. ಇಲ್ಲಿಗೇ ಆಸೆ ಬಿಡಬೇಕಿಲ್ಲ. ಅಣ್ಣನ ಹೆಸರಿನ ಮನೆಗೆ ಮೌಲ್ಯಮಾಪಕರು 85 ಲಕ್ಷ ಬೆಲೆ ಕಟ್ಟಿದ್ದಾರೆ, ಅದರ ಮೇಲೆ 22 ಲಕ್ಷ ಗೃಹಸಾಲ ಬಾಕಿ ಇದೆ. ಉಳಿದದ್ದು 63 ಲಕ್ಷ. ಲೆಕ್ಕಪರಿಶೋಧನೆಯಾದ ಬ್ಯಾಲೆನ್ಸ್ ಶೀಟಿನಲ್ಲಿ ಸಂಸ್ಥೆಯ ಬಂಡವಾಳ 14 ಲಕ್ಷ. ಎರಡೂ ಸೇರಿ 77 ಲಕ್ಷ. ಮಾರುಕಟ್ಟೆ ಬೆಲೆಯನ್ನು ಮ್ಯಾನೇಜರ್ ಪೂರ್ತಿ ನಂಬುವುದಿಲ್ಲ, ಒಂದಿಷ್ಟು ಕಳೆದೇ ಬರೆಯುತ್ತಾರೆ. ಆದರೂ 50 ಲಕ್ಷಕ್ಕೆ ಪತ್ರ ಕೊಡಲು ಇಲ್ಲಿ ಜಾಗ ಇದೆ. ಪಾಲುದಾರರ ಹೊಣೆಗೆ ಮಿತಿ ಇಲ್ಲದಿರುವುದರಿಂದ ಅವರ ಸ್ವಂತ ಆಸ್ತಿ ಲೆಕ್ಕಕ್ಕೆ ಬರುತ್ತದೆ. ಇದೇ ಅಣ್ಣತಮ್ಮಂದಿರು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರೆ, ನಿರ್ದೇಶಕನ ಮನೆ ಕಂಪನಿಯ ಆಸ್ತಿಯಾಗುತ್ತಿರಲಿಲ್ಲ, ಲೆಕ್ಕ ಪೂರಾ ಬದಲಾಗುತ್ತಿತ್ತು.

ಹೀಗಾಗಿ ಅರ್ಜಿಯ ಜೊತೆಗೆ ಆದಾಯ ತೆರಿಗೆ ರಿಟರ್ನ್, ಬ್ಯಾಲೆನ್ಸ್ ಶೀಟ್, ಮೌಲ್ಯಮಾಪಕರ ವರದಿ, ಖಾತಾ ಮತ್ತು ಋಣಭಾರ ಪ್ರಮಾಣಪತ್ರ ಇರಬೇಕಾಗುತ್ತದೆ. ಮೊತ್ತ ದೊಡ್ಡದಾದರೆ ಶಾಖೆಯ ಅಧಿಕಾರ ಮೀರಿ ಕಡತ ಪ್ರಾದೇಶಿಕ ಕಚೇರಿಗೆ ಹೋಗುತ್ತದೆ. ಟೆಂಡರ್ ಪ್ರಕಟಣೆ ಕಂಡ ದಿನವೇ ಹೊರಡಬೇಕೆನ್ನುವುದು ಇದಕ್ಕೇ.

ಅರ್ಜಿ ಹೀಗಿದ್ದರೆ ಸಾಕು:

‘ಮಾನ್ಯ ಶಾಖಾ ವ್ಯವಸ್ಥಾಪಕರೇ, ನಮ್ಮ ಸಂಸ್ಥೆ ತಮ್ಮ ಶಾಖೆಯಲ್ಲಿ ಚಾಲ್ತಿ ಖಾತೆ ಹೊಂದಿದೆ (ಖಾತೆ ಸಂಖ್ಯೆ). ಈ ಕೆಳಗಿನ ಕಾಮಗಾರಿಯ ಟೆಂಡರ್‌ನಲ್ಲಿ ಭಾಗವಹಿಸಲು 50 ಲಕ್ಷ ರೂಪಾಯಿಗಳ ಸಾಲ್ವೆನ್ಸಿ ಸರ್ಟಿಫಿಕೇಟ್ ಬೇಕಾಗಿದೆ. ಟೆಂಡರ್ ಸಂಖ್ಯೆ, ಕಾಮಗಾರಿಯ ಹೆಸರು, ಪತ್ರವನ್ನು ಯಾರ ಹೆಸರಿಗೆ ಬರೆಯಬೇಕೆಂಬ ವಿವರ ಮತ್ತು ಇಲಾಖೆಯ ನಮೂನೆಯನ್ನು ಲಗತ್ತಿಸಿದ್ದೇವೆ. ನಮೂನೆಯ ಒಕ್ಕಣೆಯಲ್ಲೇ, ಪಾಲುದಾರರಿಬ್ಬರ ಹೆಸರನ್ನೂ ಸೇರಿಸಿ ನೀಡಬೇಕಾಗಿ ಕೋರುತ್ತೇವೆ. ಶುಲ್ಕವನ್ನು ನಮ್ಮ ಖಾತೆಯಿಂದ ಕಡಿತ ಮಾಡಿಕೊಳ್ಳಬಹುದು.’

ಪಾಲುದಾರರ ಹೆಸರಿನ ಮಾತು ಮರೆಯಬಾರದು. ಪಾಲುದಾರಿಕೆ ಸಂಸ್ಥೆಯಾದರೆ ಬ್ಯಾಂಕಿನ ದಾಖಲೆಯಲ್ಲಿರುವಂತೆ ಎಲ್ಲರ ಹೆಸರೂ ಇರಬೇಕೆಂದು ಫಾರಂ ಬಿ ಕೆಳಗಿನ ಟಿಪ್ಪಣಿಯೇ ಹೇಳುತ್ತದೆ. ಪಾಲುದಾರ ಬದಲಾಗಿದ್ದೂ ಬ್ಯಾಂಕಿಗೆ ತಿಳಿಸದಿದ್ದರೆ ಹಳಬರ ಹೆಸರೇ ಪತ್ರದಲ್ಲಿ ಬರುತ್ತದೆ, ಟೆಂಡರ್‌ಗೆ ಕೊಟ್ಟ ಪಾಲುದಾರಿಕೆ ಪತ್ರಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ.

ರಾಜ್ಯ ಸರ್ಕಾರದ ಕಾಮಗಾರಿಗಳಲ್ಲಿ ಇನ್ನೊಂದು ತೊಡಕಿದೆ. ‘ಕೆಡಬ್ಲ್ಯು-4’ ಮಾದರಿ ಟೆಂಡರ್ ದಾಖಲೆ ಕೇಳುವುದು ಸಾಲದ ಲಭ್ಯತೆಯ ಪತ್ರವನ್ನು. ಈ ಕಾಮಗಾರಿ ಈ ಸಂಸ್ಥೆಗೆ ಸಿಕ್ಕರೆ ದುಡಿಯುವ ಬಂಡವಾಳಕ್ಕಾಗಿ ಇಷ್ಟು ರೂಪಾಯಿವರೆಗೆ ಓವರ್‌ಡ್ರಾಫ್ಟ್ ಅಥವಾ ಸಾಲ ಕೊಡಬಲ್ಲೆವು ಎಂದು ಬ್ಯಾಂಕು ಅದರಲ್ಲಿ ಬರೆಯಬೇಕು. ಸಾಲ್ವೆನ್ಸಿ ಇಂದಿನ ಸ್ಥಿತಿಯ ಮಾತಾದರೆ ಇದು ನಾಳೆಯ ಮಾತು. ಕಾಮಗಾರಿಯ ಹೆಸರೂ ಮೊತ್ತವೂ ಎರಡೂ ಅದರಲ್ಲಿ ಬರಬೇಕು. ಸಾಲ್ವೆನ್ಸಿ ಇದೆಯಲ್ಲ ಎಂದು ಇದನ್ನು ಬಿಟ್ಟವರ ಅರ್ಜಿ ನಿಲ್ಲುವುದಿಲ್ಲ. ಕೆಲವು ಕಡೆ ತಹಶೀಲ್ದಾರರ ಸಾಲ್ವೆನ್ಸಿ ಕೇಳುವುದೂ ಉಂಟು. ಅದು ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವ ಬೇರೆ ಕಾಗದ.

ವೀಸಾಕ್ಕೆ ಬಂದರೆ ಸಾಲ್ವೆನ್ಸಿಯ ಗೊಡವೆ ಸಾಮಾನ್ಯವಾಗಿ ಇಲ್ಲ, ಬ್ಯಾಲೆನ್ಸಿನದೇ ಪ್ರಶ್ನೆ. ಆದರೆ ಅಲ್ಲೂ ಒಂದು ದಿನದ ಬ್ಯಾಲೆನ್ಸ್ ಸಾಲದು. ಬ್ರಿಟನ್ನಿನ ವಿದ್ಯಾರ್ಥಿ ವೀಸಾದ ನಿಯಮದಂತೆ ಬೇಕಾದ ಹಣ ಸತತ 28 ದಿನ ಖಾತೆಯಲ್ಲಿರಬೇಕು, ಆ 28ನೇ ದಿನ ಅರ್ಜಿ ಹಾಕುವ ದಿನದ ಹಿಂದಿನ 31 ದಿನಗಳ ಒಳಗೆ ಬರಬೇಕು. ಜುಲೈ 20ಕ್ಕೆ ಅರ್ಜಿ ಹಾಕುವವರು ಜುಲೈ 5ಕ್ಕೆ ಮುಗಿಯುವ ಪತ್ರ ತಂದರೆ, ಜೂನ್ 8ರಿಂದ ಒಂದು ದಿನವೂ ಹಣ ಕೆಳಗಿಳಿದಿರಬಾರದು. ಜೂನ್ 18ರಂದು ಯಾರದೋ ಮದುವೆಗೆಂದು ಅಪ್ಪ ಎರಡು ಲಕ್ಷ ತೆಗೆದು 19ಕ್ಕೆ ಮರಳಿ ಕಟ್ಟಿದ್ದರೂ, ಬೇಕಾದ ಮೊತ್ತಕ್ಕಿಂತ ಖಾತೆ ಒಂದು ದಿನ ಕೆಳಗಿಳಿದಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ.

ಆದ್ದರಿಂದ ಬ್ಯಾಂಕಿಗೆ ಕೇಳಬೇಕಾದ ವಾಕ್ಯ ಹೀಗೆ: ‘ಇಂಥವರ ಇಂಥ ಸಂಖ್ಯೆಯ ಖಾತೆಯಲ್ಲಿ ಈ ದಿನಾಂಕದಿಂದ ಈ ದಿನಾಂಕದವರೆಗಿನ 28 ದಿನಗಳಲ್ಲಿ ಬ್ಯಾಲೆನ್ಸ್ ಇಷ್ಟು ರೂಪಾಯಿಗಿಂತ ಕಡಿಮೆಯಾಗಿರುವುದಿಲ್ಲ.’ ಕೌಂಟರಿನ ಕಂಪ್ಯೂಟರಿನಲ್ಲಿರುವ ಸಿದ್ಧ ನಮೂನೆಯಲ್ಲಿ ಇದು ಇರುವುದಿಲ್ಲ, ಬರೆದುಕೊಡಬೇಕಾಗುತ್ತದೆ. ಬ್ಯಾಂಕು ಒಪ್ಪದಿದ್ದರೆ ಅಷ್ಟೂ ದಿನಗಳ ಸ್ಟೇಟ್‌ಮೆಂಟೇ ಸಾಕ್ಷಿ. ಹಣ ಇರಬೇಕಾದದ್ದು ಸಾಮಾನ್ಯವಾಗಿ ವಿದ್ಯಾರ್ಥಿಯ ಅಥವಾ ತಂದೆತಾಯಿಯ ಖಾತೆಯಲ್ಲಿ. ಚಿಕ್ಕಪ್ಪನ ಖಾತೆ ತುಂಬಿ ತುಳುಕುತ್ತಿದ್ದರೂ ಪ್ರಯೋಜನವಿಲ್ಲ. ತಂದೆತಾಯಿಯ ಖಾತೆಯಾದರೆ ಜನನ ಪ್ರಮಾಣಪತ್ರ ಮತ್ತು ಹಣ ಬಳಸಲು ಅವರ ಒಪ್ಪಿಗೆ ಪತ್ರ ಜೊತೆಗಿರಬೇಕು. ಶೇರು, ಮ್ಯೂಚುವಲ್ ಫಂಡ್ ಲೆಕ್ಕಕ್ಕಿಲ್ಲ.

ಯಾವ ಪತ್ರವೇ ಆಗಲಿ, ಶಾಖೆಯಿಂದ ಹೊರಡುವ ಮುಂಚೆ ಅಲ್ಲೇ ನಿಂತು ಓದಿ. ಬ್ಯಾಂಕಿನ ತಲೆಬರಹದ ಹಾಳೆಯಲ್ಲಿದೆಯೇ, ಹೆಸರು ಪಾಸ್‌ಪೋರ್ಟ್ ಅಥವಾ ಟೆಂಡರ್ ನೋಂದಣಿಯಲ್ಲಿ ಇರುವಂತೆಯೇ ಇದೆಯೇ, ಮೊತ್ತ ಅಂಕಿ ಮತ್ತು ಅಕ್ಷರ ಎರಡರಲ್ಲೂ ಒಂದೇ ಇದೆಯೇ, ಸಹಿ ಮಾಡಿದವರ ಹೆಸರು, ಹುದ್ದೆ, ದಿನಾಂಕ ಇವೆಯೇ ನೋಡಿ. ‘ಎಸ್. ಮಂಜುನಾಥ’ ಎಂದು ಪಾಸ್‌ಪೋರ್ಟಿನಲ್ಲಿದ್ದು ಖಾತೆಯಲ್ಲಿ ‘ಮಂಜುನಾಥ ಎಸ್.’ ಎಂದಿದ್ದರೆ, ಪತ್ರ ಕೇಳುವ ಮುಂಚೆಯೇ ಬ್ಯಾಂಕಿನ ದಾಖಲೆಯನ್ನು ಸರಿಮಾಡಿಸಿಕೊಳ್ಳಿ.